ಹೆರಿಗೆ ಬ್ಯಾಗ್: ತಾಯಿಗೆ ಏನು, ಮಗುವಿಗೆ ಏನು, ಜೊತೆಗಿರುವವರಿಗೆ ಏನು?



ಹೆರಿಗೆ ಬ್ಯಾಗಿನ ಬಗ್ಗೆ ಹೃದಯದ ಡಾಕ್ಟರು ಯಾಕೆ ಬರೆಯಬೇಕು ಎಂದು ನೀವು ಕೇಳಬಹುದು. ಗರ್ಭಿಣಿಗೆ ಅಥವಾ ಬಾಣಂತಿಗೆ ಬಿಪಿ ಏರಿದಾಗ, ಉಸಿರಾಟಕ್ಕೆ ಕಷ್ಟವಾದಾಗ ಹೆರಿಗೆ ವಾರ್ಡಿನಿಂದ ನಮ್ಮನ್ನು ಕರೆಯುತ್ತಾರೆ. ಹೋದ ಕೂಡಲೇ ನಾವು ಕೇಳುವುದು ಫೈಲು. ಬ್ಯಾಗಿನಲ್ಲಿ ಸ್ವೆಟರು, ಟೋಪಿ, ಅಂಟಿನುಂಡೆ ಎಲ್ಲವೂ ಇರುತ್ತದೆ. ಫೈಲು ಮಾತ್ರ ಮನೆಯ ಕಪಾಟಿನಲ್ಲಿ ಉಳಿದಿರುತ್ತದೆ. ಊರು ಬಿಟ್ಟು ಊರಿಗೆ ಬಂದ ನಮ್ಮಂಥ ಕುಟುಂಬಗಳಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ತೋರಿಸಿದ್ದು ಒಂದು ಕಡೆ, ಹೆರಿಗೆ ಇನ್ನೊಂದು ಕಡೆ ಆಗಬಹುದು.

ಬ್ಯಾಗನ್ನು 36ನೇ ವಾರದೊಳಗೆ ಕಟ್ಟಿ ಬಾಗಿಲ ಹತ್ತಿರ ಇಡಿ. ಅವಳಿ ಮಕ್ಕಳಿದ್ದರೆ, ಬಿಪಿ ಇದ್ದರೆ 32ನೇ ವಾರಕ್ಕೇ ಸಿದ್ಧ ಮಾಡಿ. ಒಂದೇ ದೊಡ್ಡ ಸೂಟ್‌ಕೇಸ್ ಬೇಡ, ಮೂರು ಸಣ್ಣ ಬ್ಯಾಗುಗಳು ಸಾಕು. ರಾತ್ರಿ ಗಡಿಬಿಡಿಯಲ್ಲಿ ನರ್ಸ್ "ಮಗುವಿನ ಬಟ್ಟೆ ಕೊಡಿ" ಎಂದಾಗ ಎಲ್ಲವನ್ನೂ ಕೆದಕುವ ಕೆಲಸ ಇರುವುದಿಲ್ಲ.

*1. ತಾಯಿಯ ಬ್ಯಾಗ್*

ಮೊದಲು ಇಡಬೇಕಾದದ್ದು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳು:

▪️ ತಾಯಿ ಕಾರ್ಡ್ ಅಥವಾ ತಪಾಸಣೆಯ ಫೈಲು
▪️ ರಕ್ತದ ಗುಂಪಿನ ವರದಿ, ಕೊನೆಯ ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ವರದಿಗಳು
▪️ ಎಲ್ಲ ಸ್ಕ್ಯಾನ್ ವರದಿಗಳು. ಇಸಿಜಿ, ಎಕೋ ಮಾಡಿಸಿದ್ದರೆ ಅವೂ
▪️ ಗಂಡ-ಹೆಂಡತಿ ಇಬ್ಬರ ಆಧಾರ್, ಇನ್ಶೂರೆನ್ಸ್ ಕಾರ್ಡ್; ಸರ್ಕಾರಿ ಆಸ್ಪತ್ರೆಯಾದರೆ ಬ್ಯಾಂಕ್ ಪಾಸ್‌ಬುಕ್
▪️ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಅವುಗಳ ಸ್ಟ್ರಿಪ್ ಸಮೇತ

ಇವೆಲ್ಲದರ ಮೇಲೆ ಒಂದು ಪುಟದ ಚೀಟಿ ಇರಲಿ. ಆ ಚೀಟಿ ಏನು ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ.

ಪುಣೆಯ ಹಡಪಸರದಲ್ಲಿ ಗದಗ ಕಡೆಯ ಒಂದು ಕುಟುಂಬ ಇದೆ ಎಂದುಕೊಳ್ಳಿ. ಬಾಣಂತನಕ್ಕೆಂದು ಊರಿನಿಂದ ಅವ್ವ ಬಂದಿದ್ದಾರೆ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. 33ನೇ ವಾರದಲ್ಲಿ ಮಗಳ ಬಿಪಿ 150/96 ಆಗಿ, ಲ್ಯಾಬೆಟಲಾಲ್ 100 ಮಿ.ಗ್ರಾಂ ಮಾತ್ರೆ ದಿನಕ್ಕೆ ಎರಡು ಸಲ ಶುರುವಾಗಿದೆ. 37ನೇ ವಾರದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಹೊಟ್ಟೆಯ ನೀರು ಒಡೆಯುತ್ತದೆ. ಅಳಿಯ ನೈಟ್ ಶಿಫ್ಟಿನಲ್ಲಿದ್ದಾರೆ. ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಬೆಡ್ ಇಲ್ಲ, ಬೇರೆ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿನ ಡಾಕ್ಟರಿಗೆ ಈಕೆ ಹೊಸಬಳು. ನೋವು ತಿನ್ನುತ್ತಿರುವ ಮಗಳಿಗೆ ಮಾತನಾಡಲು ಆಗುತ್ತಿಲ್ಲ. ಅವ್ವನಿಗೆ ಗೊತ್ತಿರುವುದು "ಒಂದು ಬಿಳಿ ಗುಳಿಗೆ ತಗೋತಾಳ" ಎಂದಷ್ಟೇ.

ಹೆರಿಗೆಯಾದ ಮೇಲೆ ರಕ್ತಸ್ರಾವ ಹೆಚ್ಚಾದರೆ ಗರ್ಭಕೋಶ ಬಿಗಿಯಾಗಲು ಇಂಜೆಕ್ಷನ್ ಕೊಡುತ್ತಾರೆ. ಅಂಥ ಔಷಧಿಗಳಲ್ಲಿ ಮೀಥೈಲ್ ಎರ್ಗೊಮೆಟ್ರಿನ್ ಎಂಬುದು ರಕ್ತನಾಳಗಳನ್ನೂ ಬಿಗಿ ಮಾಡುತ್ತದೆ. ಬಿಪಿ ಇರುವವರಲ್ಲಿ ಅದು ಬಿಪಿಯನ್ನು ಒಮ್ಮೆಲೇ ಏರಿಸಬಹುದು. ಹಾಗಾಗಿ ಬಿಪಿ ಇರುವವರಿಗೂ ಕೆಲವು ಹೃದಯದ ಕಾಯಿಲೆ ಇರುವವರಿಗೂ ಅದನ್ನು ಕೊಡುವುದಿಲ್ಲ, ಬೇರೆ ಔಷಧಿ ಆರಿಸುತ್ತಾರೆ. ಆಸ್ಪತ್ರೆಗೆ ಬಂದಾಗ ಅಳೆದ ಬಿಪಿ ಮಾತ್ರೆಯ ಪ್ರಭಾವದಲ್ಲಿ 130/84 ಎಂದು ತೋರಿಸಬಹುದು. ಅಂಕಿ ನೋಡಿ ಎಲ್ಲ ಸರಿ ಇದೆ ಎನಿಸುತ್ತದೆ. ನಿಜ ಹೇಳುವುದು ಆ ಚೀಟಿ ಮಾತ್ರ.

ಚೀಟಿಯಲ್ಲಿ ಇಷ್ಟು ಬರೆಯಿರಿ:

▪️ ಹೆಸರು, ವಯಸ್ಸು, ಎಷ್ಟನೆಯ ಹೆರಿಗೆ, ಹಿಂದೆ ಸಿಸೇರಿಯನ್ ಆಗಿದೆಯೇ
▪️ ಡಾಕ್ಟರು ಕೊಟ್ಟ ಹೆರಿಗೆ ದಿನಾಂಕ
▪️ ರಕ್ತದ ಗುಂಪು. ನೆಗೆಟಿವ್ ಇದ್ದರೆ ದೊಡ್ಡ ಅಕ್ಷರದಲ್ಲಿ. ಮಗು ಪಾಸಿಟಿವ್ ಆದರೆ ತಾಯಿಗೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕು
▪️ ಕಾಯಿಲೆಗಳು: ಬಿಪಿ, ಶುಗರ್, ಥೈರಾಯ್ಡ್, ಅಸ್ತಮಾ, ಹೃದಯದ ವಾಲ್ವ್ ತೊಂದರೆ
▪️ ಮಾತ್ರೆಯ ಹೆಸರು, ಎಷ್ಟು ಮಿ.ಗ್ರಾಂ, ದಿನಕ್ಕೆ ಎಷ್ಟು ಸಲ
▪️ ಯಾವ ಔಷಧಿ ಅಲರ್ಜಿ
▪️ ಕೊನೆಯ ನಾಲ್ಕು ಬಿಪಿ ಅಂಕಿಗಳು, ದಿನಾಂಕ ಸಹಿತ
▪️ ತೋರಿಸುತ್ತಿದ್ದ ಡಾಕ್ಟರ ಫೋನ್ ನಂಬರ್

ಇದನ್ನು ಇಂಗ್ಲಿಷಿನಲ್ಲಿ ಬರೆದು, ಹಿಂದಿನ ಪುಟದಲ್ಲಿ ಅದನ್ನೇ ಕನ್ನಡದಲ್ಲಿ ಬರೆಯಿರಿ. ಮುಂದಿನದು ಡಾಕ್ಟರಿಗೆ, ಹಿಂದಿನದು ಅವ್ವನಿಗೆ. ಹೊರಡುವಾಗ ಕೊನೆಯ ಮಾತ್ರೆ ಎಷ್ಟು ಗಂಟೆಗೆ ತೆಗೆದುಕೊಂಡದ್ದು ಎಂದು ಪೆನ್ನಿನಲ್ಲಿ ಸೇರಿಸಿ. ಮೊಬೈಲಿನಲ್ಲಿ ಫೋಟೋ ಇಟ್ಟುಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಲಾಕ್ ಆದ ಫೋನು, ಮುಗಿದ ಬ್ಯಾಟರಿ ಎರಡೂ ಆ ರಾತ್ರಿಯೇ ಬರುತ್ತವೆ. ತವರಿಗೆ ಹೋಗಿ ಹೆರಿಗೆ ಮಾಡಿಸುವವರೂ ಇದೇ ಚೀಲವನ್ನು ರೈಲಿನಲ್ಲಿ ಕೈಯಲ್ಲೇ ಇಟ್ಟುಕೊಂಡು ಹೋಗಿ.

ಇನ್ನು ಬಟ್ಟೆಬರೆ:

▪️ ಮುಂದೆ ಬಟನ್ ಇರುವ ಹತ್ತಿ ನೈಟಿ 3, ಹಾಲುಣಿಸುವ ಬ್ರಾ 2, ದೊಡ್ಡ ಅಳತೆಯ ಒಳ ಉಡುಪು 6
▪️ ಹೆರಿಗೆಯ ದೊಡ್ಡ ಪ್ಯಾಡ್ 2 ಪ್ಯಾಕೆಟ್
▪️ ಸುಲಭವಾಗಿ ಹಾಕಿಕೊಳ್ಳುವ, ಜಾರದ ಚಪ್ಪಲಿ, ಶಾಲು, ಕಾಲುಚೀಲ
▪️ ಬ್ರಷ್, ಸೋಪು, ಬಾಚಣಿಗೆ, ಎರಡು ಟವೆಲ್, ಸ್ಟ್ರಾ ಇರುವ ನೀರಿನ ಬಾಟಲಿ
▪️ ಬಿಪಿ ಇದ್ದವರಿಗೆ ಮನೆಯಲ್ಲಿರುವ ಬಿಪಿ ಮಷಿನ್

ಒಡವೆ ಮನೆಯಲ್ಲೇ ಇರಲಿ. ಸೀಮಂತದ ಹಸಿರು ಗಾಜಿನ ಬಳೆ ಇದ್ದರೆ ಒಂದು ಕೈಯದನ್ನಾದರೂ ತೆಗೆದಿಡಿ, ಸಲೈನ್ ಸೂಜಿ ಹಾಕಲು ಆ ಜಾಗ ಬೇಕು. ನೇಲ್ ಪಾಲಿಶ್ ತೆಗೆಯಿರಿ, ಏಕೆಂದರೆ ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ ಉಗುರಿನ ಮೂಲಕ ಬೆಳಕು ಹಾಯಿಸಿ ಅಳೆಯುತ್ತದೆ. ಮದರಂಗಿ ಹಚ್ಚುವುದಾದರೆ ಎರಡು ಬೆರಳ ತುದಿ ಖಾಲಿ ಬಿಡಿ.

*2. ಮಗುವಿನ ಬ್ಯಾಗ್*

▪️ ಮೆತ್ತನೆಯ ದೊಡ್ಡ ಹತ್ತಿ ಬಟ್ಟೆ 4: ಹುಟ್ಟಿದ ಕೂಡಲೇ ಒಂದರಿಂದ ಒರೆಸುತ್ತಾರೆ, ಒಣಗಿದ ಇನ್ನೊಂದರಲ್ಲಿ ಸುತ್ತುತ್ತಾರೆ
▪️ ಮುಂದೆ ಕಟ್ಟುವ ಅಂಗಿ 4, ಟೋಪಿ 2, ಕಾಲುಚೀಲ 2 ಜೊತೆ
▪️ ಬಟ್ಟೆಯ ಲಂಗೋಟಿ 12 ಅಥವಾ ನವಜಾತ ಅಳತೆಯ ಡೈಪರ್ 1 ಪ್ಯಾಕೆಟ್
▪️ ಒರೆಸಲು ಹತ್ತಿ, ಒಂದು ತೆಳು ಕಂಬಳಿ

ಸೋಪು, ಪೌಡರ್ ಬೇಡ. ಮೊದಲ 24 ಗಂಟೆ ಸ್ನಾನ ಮಾಡಿಸಬಾರದು, ಮೈ ತಣ್ಣಗಾಗುತ್ತದೆ. ಹಾಲಿನ ಬಾಟಲಿ, ಜೇನುತುಪ್ಪ, ಬಜೆ, ಕಾಡಿಗೆ ಕೂಡ ಬೇಡ. ಮಗುವಿಗೆ ಮೊದಲ ಒಂದು ಗಂಟೆಯೊಳಗೆ ತಾಯಿಯ ಹಾಲು ಸಾಕು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ ಇದೆ. ನಮ್ಮಲ್ಲಿ ಮಗುವಿಗೆ ಮೊದಲು ಹಳೆಯ ಬಟ್ಟೆ ಹಾಕುವ ಪದ್ಧತಿ ಇದೆ. ಬಟ್ಟೆ ಮೆತ್ತಗಿರುವುದರಿಂದ ಒಳ್ಳೆಯದೇ. ಆದರೆ ಅದು ಟ್ರಂಕಿನಲ್ಲಿ ಡಾಂಬರ್ ಗುಳಿಗೆಯ ಜೊತೆ ವರ್ಷಗಟ್ಟಲೆ ಇದ್ದ ಬಟ್ಟೆಯಾದರೆ ಬೇಡ. ಆ ಗುಳಿಗೆ ನ್ಯಾಫ್ತಲಿನ್. ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಲ್ಲಿ ಅದರ ಸಂಪರ್ಕದಿಂದ ರಕ್ತಕಣ ಒಡೆದು ತೀವ್ರ ಕಾಮಾಲೆ ಬರಬಹುದು. ಯಾವ ಮಗುವಿಗೆ ಆ ಕೊರತೆ ಇದೆ ಎಂದು ನೋಡಿದರೆ ತಿಳಿಯುವುದಿಲ್ಲ. ವಾಸನೆ ಬರುವ ಬಟ್ಟೆ, ಕಂಬಳಿ ಪಕ್ಕಕ್ಕಿಡಿ. ಬೇರೆ ಬಟ್ಟೆಗಳನ್ನು, ಹೊಸದನ್ನೂ ಸೇರಿಸಿ, ಒಗೆದು ಬಿಸಿಲಿನಲ್ಲಿ ಒಣಗಿಸಿ ಕಟ್ಟಿಡಿ.

*3. ಜೊತೆಗಿರುವವರ ಬ್ಯಾಗ್*

▪️ ತಮ್ಮ ಸ್ವಂತ ಬಿಪಿ, ಶುಗರ್, ಹೃದಯದ ಮಾತ್ರೆಗಳು, 5 ದಿನಕ್ಕೆ ಆಗುವಷ್ಟು. ಮಗಳ ಚಿಂತೆಯಲ್ಲಿ ಅವ್ವ ತನ್ನ ಮಾತ್ರೆ ಮರೆಯುವುದು, ಮೂರನೇ ದಿನ ತಲೆ ತಿರುಗಿ ಬೀಳುವುದು ನಾವು ನೋಡುವ ಸಾಮಾನ್ಯ ಸಂಗತಿ
▪️ ಚಾರ್ಜರ್, ಸ್ವಲ್ಪ ನಗದು, ಪೆನ್ನು, ನೋಟ್‌ಬುಕ್
▪️ ಬೆಡ್‌ಶೀಟ್, ಒಂದು ಜೊತೆ ಬಟ್ಟೆ, ಒಣ ತಿಂಡಿ
▪️ ಕಾಗದದ ಮೇಲೆ ಬರೆದ ನಂಬರುಗಳು: ಅಳಿಯ, ಹತ್ತಿರದ ಕನ್ನಡ ಮನೆಯೊಂದು, ರಕ್ತ ಕೊಡಲು ಒಪ್ಪಿದ ಇಬ್ಬರು, ಆಂಬುಲೆನ್ಸ್ (ಮಹಾರಾಷ್ಟ್ರ, ಕರ್ನಾಟಕದಲ್ಲಿ 108)

ತಿಂಡಿ ಜೊತೆಗಿರುವವರಿಗೆ. ನೋವು ಶುರುವಾದ ಮೇಲೆ ತಾಯಿಗೆ ಏನು ಕೊಡುವುದಾದರೂ ನರ್ಸನ್ನು ಕೇಳಿ. ಸಿಸೇರಿಯನ್ ಆಗುವುದಾದರೆ ಹೊಟ್ಟೆ ಖಾಲಿ ಇರಬೇಕು.

ಜನನ ನೋಂದಣಿ ಮಗು ಹುಟ್ಟಿದ ಊರಿನಲ್ಲೇ, 21 ದಿನದೊಳಗೆ ಆಗಬೇಕು. ಮಹಾರಾಷ್ಟ್ರದಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಬರೆಯುವ ರೂಢಿ. ನಮ್ಮ ಇನಿಷಿಯಲ್ ಅನ್ನು ಗುಮಾಸ್ತರು ಹೇಗೋ ಬಿಡಿಸಿ ಬರೆದುಬಿಡುತ್ತಾರೆ. ಆಧಾರ್ ನಕಲು ಕೊಟ್ಟು, ಅದರಂತೆಯೇ ಬರೆಸಿ, ಸಹಿಗೆ ಮುಂಚೆ ಓದಿ ನೋಡಿ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಳಗಿನದನ್ನು ಬರೆದಿಡಿ. ಬಾಣಂತಿಗೆ ಇವುಗಳಲ್ಲಿ ಒಂದು ಕಂಡರೂ ತಕ್ಷಣ ಡಾಕ್ಟರಿಗೆ ಹೇಳಿ, ಮನೆಗೆ ಬಂದಿದ್ದರೆ ಮತ್ತೆ ಆಸ್ಪತ್ರೆಗೆ ಹೋಗಿ:

🔴 ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವುದು
🔴 ಜೋರು ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು
🔴 ಬಿಪಿ 160/110 ಅಥವಾ ಹೆಚ್ಚು
🔴 ಒಂದೇ ಕಾಲಿನ ಮೀನಖಂಡ ಊದಿ ನೋಯುವುದು
🔴 ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿಂಬು ಬೇಕಾಗುವುದು, ರಾತ್ರಿ ಕೆಮ್ಮಿ ಎದ್ದು ಕೂರುವುದು

ಕೊನೆಯದನ್ನು ಮನೆಯವರು "ಥಂಡಿ ಆಗಿದೆ" ಎಂದು ಕಷಾಯ ಕೊಟ್ಟು ಸುಮ್ಮನಾಗುತ್ತಾರೆ. ಗರ್ಭದ ಕೊನೆಯ ತಿಂಗಳಿಂದ ಹೆರಿಗೆಯಾದ ಐದು ತಿಂಗಳವರೆಗೆ ಕೆಲವರಲ್ಲಿ ಹೃದಯದ ಸ್ನಾಯು ದುರ್ಬಲವಾಗುತ್ತದೆ. ಹಿಂದೆ ಯಾವ ಹೃದಯದ ತೊಂದರೆಯೂ ಇಲ್ಲದವರಲ್ಲೂ ಇದು ಬರಬಹುದು. ಎಕೋ ಮಾಡಿದರೆ ಗೊತ್ತಾಗುತ್ತದೆ, ಚಿಕಿತ್ಸೆ ಇದೆ.

ಬಿಪಿ ಹೆರಿಗೆಯೊಂದಿಗೆ ಮುಗಿಯುವುದಿಲ್ಲ. ಹೆರಿಗೆಯಾದ 3ರಿಂದ 6ನೇ ದಿನದ ನಡುವೆ ಅದು ಹೆಚ್ಚಾಗಿ ಏರುತ್ತದೆ, ಅಂದರೆ ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ. ಬಿಪಿ ಇದ್ದವರು ಮೂರು ದಿನದೊಳಗೆ ಒಮ್ಮೆ, 7ರಿಂದ 10ನೇ ದಿನದೊಳಗೆ ಇನ್ನೊಮ್ಮೆ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ದಿನಕ್ಕೆ ಎರಡು ಸಲ ಅಳೆದು ಅದೇ ಚೀಟಿಯಲ್ಲಿ ಬರೆಯಿರಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಲ್ಯಾಬೆಟಲಾಲ್ ತೆಗೆದುಕೊಳ್ಳುತ್ತಾ ಹಾಲುಣಿಸಬಹುದು.

ನಿಮ್ಮ ಬಳಗದಲ್ಲಿ ಏಳು ತಿಂಗಳು ತುಂಬಿದವರಿದ್ದರೆ ಇದನ್ನು ಅವರಿಗೂ, ಊರಿನಿಂದ ಬರಲಿರುವ ಅವರ ಅಮ್ಮ ಅಥವಾ ಅತ್ತೆಗೂ ಕಳುಹಿಸಿ.

– ಹೃದ್ರೋಗ ತಜ್ಞ, ಎಂ.ಡಿ., ಪುಣೆ