ಮುಂದಿನ ತಿಂಗಳಿಗೆ ತಳ್ಳಿದ ಪುಟ್

ಒಂದು ಷೇರಿನ ಬೆಲೆ 1,000 ರೂಪಾಯಿ ಎಂದುಕೊಳ್ಳಿ. ಅದರ 980ರ ಪುಟ್ ಅನ್ನು ಒಬ್ಬರು ಷೇರಿಗೆ 20 ರೂಪಾಯಿ ಪ್ರೀಮಿಯಂ ಪಡೆದು ಮಾರುತ್ತಾರೆ. ಬೆಲೆ ಎಷ್ಟೇ ಬಿದ್ದರೂ 980ಕ್ಕೆ ಕೊಳ್ಳುತ್ತೇನೆ ಎಂದು ಕೊಟ್ಟ ಮಾತು ಅದು. ಅವಧಿ ಮುಗಿಯುವ ಹೊತ್ತಿಗೆ ಷೇರು 950ಕ್ಕೆ ಇಳಿದು, ಪುಟ್ 34ಕ್ಕೆ ಏರಿದೆ. ಆಗ ಹೊಳೆಯುವ ದಾರಿಯೇ ರೋಲ್: ಇದನ್ನು 34ಕ್ಕೆ ವಾಪಸ್ ಕೊಂಡು, ಮುಂದಿನ ತಿಂಗಳ 980ರ ಪುಟ್ ಅನ್ನು 46ಕ್ಕೆ ಮಾರುವುದು. ಕೈಗೆ 12 ರೂಪಾಯಿ ಬರುತ್ತದೆ.

ಬಂದದ್ದು ನಿಜ, ನಷ್ಟ ಆದದ್ದೂ ನಿಜ. 20ಕ್ಕೆ ಮಾರಿದ್ದನ್ನು 34ಕ್ಕೆ ಕೊಂಡಾಗಲೇ 14 ರೂಪಾಯಿ ಹೋಯಿತು. ಸೊಸೈಟಿಯಲ್ಲಿ ಹಳೇ ಸಾಲ ಕಾಗದದ ಮೇಲೆ ತೀರಿ, ಅದೇ ದಿನ ಹೊಸ ಸಾಲ ಹುಟ್ಟುತ್ತದಲ್ಲ, ಹಾಗೆ.

ಆದರೂ ಇಲ್ಲಿ ರೋಲ್‌ಗೆ ಅರ್ಥವಿದೆ. ಹೊಸ ಪುಟ್‌ನ 46ರಲ್ಲಿ 30 ರೂಪಾಯಿ 980 ಮತ್ತು 950ರ ನಡುವಿನ ಅಂತರ. ಉಳಿದ 16 ಕಾಲದ ಬೆಲೆ. ಹಳೆಯದರಲ್ಲಿ ಕಾಲದ ಬೆಲೆ 4 ಮಾತ್ರ ಉಳಿದಿತ್ತು. ಸವೆದ ಕಾಲ ಕೊಂಡು ಹೊಸ ಕಾಲ ಮಾರಿದ್ದಕ್ಕೆ ಸಿಕ್ಕಿದ್ದು ಆ 12. ಈಗ ಒಟ್ಟು ಗಳಿಕೆ 32. ಲಾಭ-ನಷ್ಟ ಸಮವಾಗುವ ಬೆಲೆ 960ರಿಂದ 948ಕ್ಕೆ ಇಳಿಯಿತು. ಷೇರು 950ರಲ್ಲೇ ನಿಂತರೂ ಬ್ರೋಕರೇಜ್, ತೆರಿಗೆ ಬಿಟ್ಟು 2 ರೂಪಾಯಿ ಉಳಿಯುತ್ತದೆ.

ಅದೇ ಷೇರು 850ಕ್ಕೆ ಕುಸಿದಿದ್ದರೆ? ಅಂತರವೇ 130. ಇಷ್ಟು ಆಳಕ್ಕೆ ಹೋದ ಪುಟ್‌ನಲ್ಲಿ ಕಾಲಕ್ಕೆ ಬೆಲೆಯೇ ಇರುವುದಿಲ್ಲ. ನಮ್ಮಲ್ಲಿ ಷೇರು ಆಪ್ಷನ್ ಚಲಾಯಿಸಲು ಕೊನೆಯ ದಿನದವರೆಗೆ ಕಾಯಬೇಕಾದ್ದರಿಂದ, ಮುಂದಿನ ತಿಂಗಳ ಪುಟ್ 130ಕ್ಕಿಂತ ಅಗ್ಗವಾಗಿಯೂ ಇರಬಹುದು. ಮೇಲಾಗಿ ಅಲ್ಲಿ ಕೊಳ್ಳುವವರು ವಿರಳ. ಹಳೆಯದನ್ನು 132ಕ್ಕೆ ಕೊಂಡು ಹೊಸದನ್ನು 128ಕ್ಕೆ ಮಾರಿದರೆ, ಕಾಯುವುದಕ್ಕೆ ನಾವೇ 4 ರೂಪಾಯಿ ತೆತ್ತಂತೆ. ಮಾರ್ಜಿನ್ ಹಣವೂ ಇನ್ನೊಂದು ತಿಂಗಳು ಸಿಕ್ಕಿಕೊಂಡಿರುತ್ತದೆ.

ಇಲ್ಲೇ ಜನ ಎಡವುವುದು. ಲೆಕ್ಕ ಪ್ಲಸ್‌ನಲ್ಲಿ ಕಾಣಲೆಂದು ಒಂದು ಪುಟ್ ಮುಚ್ಚಿ, ಕೆಳಗಿನ ಸ್ಟ್ರೈಕ್‌ನ ಎರಡು ಮಾರುತ್ತಾರೆ. ಕೈಗೆ ದುಡ್ಡು ಬರುತ್ತದೆ, ಕೊಳ್ಳಬೇಕಾದ ಷೇರುಗಳೂ ಎರಡರಷ್ಟಾಗುತ್ತವೆ.

ರೋಲ್ ಮಾಡುವ ಮುನ್ನ ಹಳೇ ನಷ್ಟ ಮರೆತು ಕೇಳಿಕೊಳ್ಳಬೇಕು: ಕೈಯಲ್ಲಿ ಏನೂ ಇಲ್ಲದಿದ್ದರೆ ಇವತ್ತು ಈ ಪುಟ್ ಮಾರುತ್ತಿದ್ದೆನೇ? ಎನ್‌ಎಸ್‌ಇಯಲ್ಲಿ ಷೇರು ಆಪ್ಷನ್‌ಗಳು ಈಗ ಡೆಲಿವರಿಯಲ್ಲೇ ಮುಗಿಯುತ್ತವೆ. ಲಾಟ್ 500 ಷೇರುಗಳದ್ದಾದರೆ 980ರಂತೆ 4,90,000 ರೂಪಾಯಿ ಹೊಂದಿಸಬೇಕು. ಅಷ್ಟು ಹಣವಿಲ್ಲವೆಂಬ ಒಂದೇ ಕಾರಣಕ್ಕೆ ರೋಲ್ ಮಾಡುತ್ತಿದ್ದರೆ, ಮುಂದಿನ ತಿಂಗಳೂ ಅದೇ 4,90,000 ಎದುರಿಗೆ ನಿಂತಿರುತ್ತದೆ.