ಮೊದಲ ಸಂದೇಶ: ಸ್ಟಾರ್ಟಪ್‌ಗೆ ಒಂದು ಬಗೆ, ಹಳೆಯ ಅಂಗಡಿಗೆ ಇನ್ನೊಂದು

ಬೆಂಗಳೂರಿನ ಪೀಣ್ಯದಲ್ಲಿ ತಿಂಡಿ ಡಬ್ಬ ಮತ್ತು ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕವೊಂದಿದೆ ಎಂದುಕೊಳ್ಳಿ. ಅದರ ಮಾಲೀಕನಿಗೆ ಹೊಸ ಗಿರಾಕಿಗಳು ಬೇಕು. ಅವನ ಪಟ್ಟಿಯಲ್ಲಿ ಎರಡು ಹೆಸರುಗಳಿವೆ. ಒಂದು, ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಎರಡು ವರ್ಷದ ಹಿಂದೆ ಶುರುವಾಗಿ ಸಿರಿಧಾನ್ಯದ ಚಕ್ಕುಲಿಯನ್ನು ಆನ್‌ಲೈನ್‌ನಲ್ಲಿ ಮಾರುವ ಸ್ಟಾರ್ಟಪ್. ಇನ್ನೊಂದು, ಗೋಕಾಕದಲ್ಲಿ ಮೂರು ತಲೆಮಾರಿನಿಂದ ಕರದಂಟು ಮಾರುತ್ತಿರುವ ಮನೆತನದ ಅಂಗಡಿ. ಮಾರಬೇಕಾದ ಸರಕು ಎರಡೂ ಕಡೆ ಒಂದೇ. ಆದರೆ ಒಂದೇ ಸಂದೇಶವನ್ನು ಇಬ್ಬರಿಗೂ ಕಳಿಸಿದರೆ ಒಬ್ಬರಾದರೂ ಉತ್ತರ ಕೊಡುವುದಿಲ್ಲ.

ಈ ವ್ಯತ್ಯಾಸವನ್ನು ಬಹಳ ಜನ ‘ಹಾಯ್’ ಮತ್ತು ‘ನಮಸ್ಕಾರ’ಗಳ ನಡುವಿನ ವ್ಯತ್ಯಾಸ ಎಂದಷ್ಟೇ ತಿಳಿಯುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ನಿಮ್ಮ ಸಂದೇಶ ಮೊದಲು ಓದಿದವರ ಕೈಯಿಂದ ಮುಂದೆ ಎಲ್ಲಿಗೆ ಹೋಗುತ್ತದೆ? ಸ್ಟಾರ್ಟಪ್‌ನ ಸ್ಥಾಪಕಿ ಅದನ್ನು ಹಾಗೇ ಪ್ಯಾಕಿಂಗ್ ನೋಡಿಕೊಳ್ಳುವವರಿಗೆ ಫಾರ್ವರ್ಡ್ ಮಾಡುತ್ತಾಳೆ. ಗೋಕಾಕದ ಅಂಗಡಿಯಲ್ಲಿ ಫೋನು ಮಗನ ಕೈಯಲ್ಲಿರುತ್ತದೆ, ತೀರ್ಮಾನ ಗಲ್ಲೆಯ ಮೇಲೆ ಕೂತ ತಂದೆಯದ್ದೋ ಕಾಕಾನದ್ದೋ ಆಗಿರುತ್ತದೆ. ಮಗ ಅದನ್ನು ಹಿರಿಯರಿಗೆ ಓದಿ ಹೇಳಬೇಕು. ಮೊದಲನೆಯದು ಫಾರ್ವರ್ಡ್ ಮಾಡಲು ಅನುಕೂಲವಾಗಿರಬೇಕು, ಎರಡನೆಯದು ಗಟ್ಟಿಯಾಗಿ ಓದಿದಾಗ ಮರ್ಯಾದೆಯಿಂದ ಕೇಳಿಸಬೇಕು. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಸ್ಟಾರ್ಟಪ್‌ಗೆ ಬರೆಯುವ ಮುಂಚೆ ನಮ್ಮ ಮಾಲೀಕ ಅವರ ಚಕ್ಕುಲಿಗೆ ಬಂದ ರಿವ್ಯೂಗಳನ್ನು ಓದಿದ. ಪುಡಿಯಾಗಿ ಬಂತು ಎಂಬ ದೂರು ಹಲವು ಇದ್ದವು. ಒಂದು ಪ್ಯಾಕೆಟ್ ತರಿಸಿ ಪೆಟ್ಟಿಗೆಯನ್ನು ಅಳೆದ: 25 ಸೆಂಟಿಮೀಟರ್ ಉದ್ದ, 20 ಅಗಲ, 15 ಎತ್ತರ. ಒಳಗಿದ್ದದ್ದು ಅರ್ಧ ಕಿಲೋ ಚಕ್ಕುಲಿ. ಕೊರಿಯರ್‌ನವರು ತೂಕದ ಜೊತೆಗೆ ಪೆಟ್ಟಿಗೆ ಹಿಡಿಯುವ ಜಾಗವನ್ನೂ ಲೆಕ್ಕ ಹಾಕುತ್ತಾರೆ. ಮೂರು ಅಳತೆಗಳನ್ನು ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ಎಂದು ಹಿಡಿಯುತ್ತಾರೆ. ನಿಜವಾದ ತೂಕ ಮತ್ತು ಈ ಲೆಕ್ಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಈ ಪೆಟ್ಟಿಗೆಗೆ ಒಂದೂವರೆ ಕಿಲೋ ಆಗುತ್ತದೆ. 20, 15, 12ರ ಅಳತೆಗೆ ಇಳಿಸಿದರೆ 0.72 ಕಿಲೋ. ಚಕ್ಕುಲಿ ಒಳಗೆ ಅಲುಗಾಡುವುದೂ ಕಡಿಮೆಯಾಗುತ್ತದೆ. ಅವನು ಬರೆದದ್ದು ಹೀಗೆ, ಮೊದಲಿಗೆ ಆಕೆಯ ಹೆಸರು ಸೇರಿಸಿ:

“ಹಾಯ್, ನಿಮ್ಮ ಚಕ್ಕುಲಿ ಪುಡಿಯಾಗಿ ತಲುಪ್ತಿದೆ ಅನ್ನೋ ರಿವ್ಯೂ ನೋಡಿದೆ. ಬಾಕ್ಸ್ ದೊಡ್ಡದಾಯ್ತು. ಈಗ ಕೊರಿಯರ್ ಲೆಕ್ಕದಲ್ಲಿ 1.5 ಕೆಜಿ ಬೀಳುತ್ತೆ, 20x15x12 ಸೈಜ್‌ಗೆ ಬಂದರೆ 0.72. ಪೀಣ್ಯದಲ್ಲಿ ನಾವೇ ಬಾಕ್ಸ್ ಮಾಡ್ತೀವಿ. ಐದು ಸ್ಯಾಂಪಲ್ ಕಳಿಸ್ಲಾ? ಪ್ಯಾಕಿಂಗ್ ಬೇರೆಯವರು ನೋಡ್ಕೊಳ್ತಿದ್ರೆ ಅವರ ನಂಬರ್ ಕೊಡಿ.”

ಮಾತಾಡುವ ಕನ್ನಡದಲ್ಲಿದ್ದರೂ ಇದು ಅಗೌರವವಲ್ಲ. ‘ಕೊಡಿ’ ಎಂಬ ಬಹುವಚನ ತನ್ನ ಜಾಗದಲ್ಲೇ ಇದೆ. ಇಲ್ಲಿ ‘ಮಾನ್ಯರೇ, ತಮ್ಮ ಪ್ರತಿಷ್ಠಿತ ಸಂಸ್ಥೆಗೆ’ ಎಂದು ಶುರು ಮಾಡಿದ್ದರೆ ಏನಾಗುತ್ತಿತ್ತು? ಫೋನಿನ ಪರದೆಯ ಮೇಲೆ ನೋಟಿಫಿಕೇಶನ್ ಬರುವಾಗ ಕಾಣುವುದು ಮೊದಲ ಒಂದೆರಡು ಸಾಲು. ಆ ಜಾಗವನ್ನೆಲ್ಲ ಸಂಬೋಧನೆಯೇ ನುಂಗಿಬಿಡುತ್ತದೆ. ಓದುವವರಿಗೆ ಇದು ನೂರು ಜನರಿಗೆ ಕಳಿಸಿದ ಜಾಹೀರಾತು ಅನಿಸುತ್ತದೆ. ತಪ್ಪನ್ನು ನೇರವಾಗಿ ಹೇಳುವುದಕ್ಕೂ ಇಲ್ಲಿ ಅಡ್ಡಿಯಿಲ್ಲ. ಎರಡು ವರ್ಷದ ಕಂಪನಿಯ ಪೆಟ್ಟಿಗೆ ಇನ್ನೂ ಪ್ರಯೋಗದಲ್ಲಿರುವ ವಸ್ತು, ಆರು ತಿಂಗಳಲ್ಲಿ ಅವರೇ ಅದನ್ನು ಬದಲಿಸಬಹುದು.

ಗೋಕಾಕದಲ್ಲಿ ಈ ಧೈರ್ಯ ನಡೆಯದು. ಕರದಂಟಿನಲ್ಲಿ ಬೆಲ್ಲ, ಒಣಹಣ್ಣು, ತುಪ್ಪದಲ್ಲಿ ಕರಿದ ಅಂಟು ಇರುತ್ತವೆ. ರಟ್ಟು ಸಾಧಾರಣದ್ದಾದರೆ ನಾಲ್ಕು ದಿನದಲ್ಲಿ ಜಿಡ್ಡು ಹೊರಗಿಳಿಯುತ್ತದೆ. ಮಾಲೀಕ ಅದನ್ನೂ ಗಮನಿಸಿದ್ದ. ಆದರೆ ಆ ಡಬ್ಬದ ಮೇಲೆ ಅಂಗಡಿ ಕಟ್ಟಿದ ಅಜ್ಜನ ಫೋಟೋ ಇದೆ. ‘ನಿಮ್ಮ ಡಬ್ಬಕ್ಕೆ ಕಲೆ ಬೀಳುತ್ತೆ’ ಎಂದು ಅಪರಿಚಿತನೊಬ್ಬ ಬರೆದರೆ ಮಗ ಅದನ್ನು ತಂದೆಗೆ ಓದಿ ಹೇಳುವುದಾದರೂ ಹೇಗೆ? ಅವರದು ಹೆಚ್ಚಾಗಿ ಅಂಗಡಿ ಮುಂಗಟ್ಟಿನ ವ್ಯಾಪಾರವಾದ್ದರಿಂದ ಕೊರಿಯರ್ ಲೆಕ್ಕ ಅವರಿಗೆ ಬೇಕಿಲ್ಲ. ಹಿರಿಯರು ಕೇಳುವ ಮೊದಲ ಪ್ರಶ್ನೆ ‘ಯಾರಿಂವಾ, ಯಾರು ಕಳಿಸಿದ್ರು?’ ಎಂಬುದು. ಸಂದೇಶ ಉತ್ತರಿಸಬೇಕಾದದ್ದು ಅದಕ್ಕೆ:

“ನಮಸ್ಕಾರ. ಬೆಂಗಳೂರಿನ ಪೀಣ್ಯದಲ್ಲಿ ನಮ್ಮದು ಸಿಹಿತಿಂಡಿ ಡಬ್ಬ ತಯಾರಿಸುವ ಘಟಕ. ಬೆಳಗಾವಿಯ ಕುಂದಾ ಅಂಗಡಿಗೆ ನಾಲ್ಕು ವರ್ಷದಿಂದ ಡಬ್ಬ ಕೊಡುತ್ತಿದ್ದೇವೆ. ತಮ್ಮ ನಂಬರ್ ಕೊಟ್ಟವರು ಅಲ್ಲಿನ ಯಜಮಾನರು. ತುಪ್ಪದ ತಿಂಡಿಗೆಂದೇ ಮಾಡಿದ ಡಬ್ಬದ ಮಾದರಿ ನಮ್ಮಲ್ಲಿದೆ. ಮುಂದಿನ ವಾರ ಗೋಕಾಕದ ಕಡೆ ಬರುವವನಿದ್ದೇನೆ. ಯಜಮಾನರಿಗೆ ಅನುಕೂಲವಾದ ಹೊತ್ತು ತಿಳಿಸಿದರೆ ಅಂಗಡಿಗೇ ಬಂದು ತೋರಿಸುತ್ತೇನೆ.”

ಕುಂದಾ ಅಂಗಡಿಯ ಹೆಸರನ್ನು ಇಲ್ಲಿ ಪೂರ್ತಿ ಬರೆಯಬೇಕು. ಅದಕ್ಕೂ ಮುಂಚೆ ಅವರ ಒಪ್ಪಿಗೆ ಕೇಳಿರಬೇಕು, ಏಕೆಂದರೆ ಗೋಕಾಕದವರು ನಿಮಗೆ ಉತ್ತರಿಸುವ ಮೊದಲೇ ಬೆಳಗಾವಿಗೆ ಫೋನು ಮಾಡಿರುತ್ತಾರೆ. ಅತ್ತ ಕಡೆಯಿಂದ ‘ನನಗೇನೂ ಗೊತ್ತಿಲ್ರಿ’ ಎಂದು ಬಂದರೆ ವಿಷಯ ಅಲ್ಲಿಗೆ ಮುಗಿಯಿತು. ಪರಿಚಯ ಹೇಳಿಸುವವರು ಯಾರೂ ಇಲ್ಲದಿದ್ದರೆ ಇಲ್ಲದವರನ್ನು ಹುಟ್ಟಿಸಬೇಡಿ. ‘ಗೋಕಾಕಕ್ಕೆ ಬಂದಾಗ ತಮ್ಮ ಅಂಗಡಿಯ ಕರದಂಟು ಒಯ್ದಿದ್ದೆ’ ಎಂಬ ನಿಜವಾದ ಒಂದು ಸಾಲು ಸಾಕು.

ಜಿಡ್ಡಿನ ಮಾತನ್ನು ಹೇಗೆ ತಿರುಗಿಸಿದ್ದಾನೆ ನೋಡಿ. ದೋಷದ ಹೆಸರೇ ಎತ್ತದೆ ‘ತುಪ್ಪದ ತಿಂಡಿಗೆಂದೇ ಮಾಡಿದ ಡಬ್ಬ’ ಎಂದ. ವ್ಯಾಪಾರದಲ್ಲಿ ಪಳಗಿದವರಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ. ಸಮಯವನ್ನೂ ತಾನು ಗೊತ್ತು ಮಾಡಲಿಲ್ಲ. ‘ಶುಕ್ರವಾರ ಹನ್ನೊಂದಕ್ಕೆ ಬರಲೇ?’ ಎಂದು ಕೇಳಿದ್ದರೆ ಅದು ರಾಹುಕಾಲ, ಶುಕ್ರವಾರದ ಲೆಕ್ಕದಲ್ಲಿ ಹತ್ತೂವರೆಯಿಂದ ಹನ್ನೆರಡು. ಪಂಚಾಂಗ ನೋಡುವ ಮನೆಯಾದರೆ ಹೊಸ ವ್ಯವಹಾರದ ಮಾತು ಆಗ ಎತ್ತುವುದಿಲ್ಲ. ಸಮಯ ಬುಕ್ ಮಾಡಿ ಎಂದು ಲಿಂಕ್ ಕಳಿಸುವುದಂತೂ ಬೇಡವೇ ಬೇಡ. ಅಪರಿಚಿತ ನಂಬರಿನಿಂದ ಬಂದ ಲಿಂಕ್ ಒತ್ತಬಾರದೆಂದು ಇಂದು ಎಲ್ಲ ಮನೆಗಳಲ್ಲೂ ಹೇಳಿಟ್ಟಿರುತ್ತಾರೆ.

ಉತ್ತರ ಓದುವುದರಲ್ಲೂ ವ್ಯತ್ಯಾಸವಿದೆ. ಸ್ಟಾರ್ಟಪ್‌ನಿಂದ ನಾಲ್ಕು ದಿನ ಸದ್ದಿಲ್ಲದಿದ್ದರೆ ‘ಸ್ಯಾಂಪಲ್ ರೆಡಿ ಇದೆ, ಅಡ್ರೆಸ್ ಕಳಿಸಿದರೆ ಸಾಕು’ ಎಂದು ಒಂದು ಸಾಲು ಹಾಕಬಹುದು, ಯಾರೂ ಬೇಸರಿಸುವುದಿಲ್ಲ. ಗೋಕಾಕದಿಂದ ‘ಅಪ್ಪಾಜಿಗೆ ಕೇಳಿ ಹೇಳ್ತೇನ್ರಿ’ ಎಂದು ಬಂದರೆ ಅದನ್ನು ನಿರಾಕರಣೆ ಎಂದು ತಿಳಿಯಬಾರದು, ಸಂದೇಶ ಒಳಗೆ ಹೋಗಿದೆ ಎಂದೇ ಅರ್ಥ. ಆಗ ಮತ್ತೆ ಮತ್ತೆ ಮೆಸೇಜ್ ಹಾಕದೆ, ವಾರ ಬಿಟ್ಟು ಒಂದು ಫೋನು ಮಾಡಬೇಕು. ಇಬ್ಬರಲ್ಲಿ ಯಾರೇ ‘ರೇಟ್ ಎಷ್ಟು?’ ಎಂದು ಎರಡೇ ಪದ ಬರೆದರೂ ಸುತ್ತಿಬಳಸದೆ ಅಂಕಿ ಹೇಳಿಬಿಡಿ. ‘ಕಾಲ್ ಮಾಡಿ ಮಾತಾಡೋಣ’ ಎಂದರೆ ಇಬ್ಬರಿಗೂ ಅನುಮಾನ ಬರುತ್ತದೆ.

ಹೊರಗಿನ ಬೋರ್ಡು ನೋಡಿ ಮೋಸ ಹೋಗುವುದೂ ಉಂಟು. ಸ್ಟಾರ್ಟಪ್ ಕಟ್ಟಿದವರು ಬ್ಯಾಂಕಿನಿಂದ ನಿವೃತ್ತರಾದ ಅರವತ್ತರ ಹಿರಿಯರಿರಬಹುದು. ಹಳೆಯ ಅಂಗಡಿಯ ಆನ್‌ಲೈನ್ ವ್ಯಾಪಾರವನ್ನೆಲ್ಲ ಮೊಮ್ಮಗಳೇ ನಡೆಸುತ್ತಿರಬಹುದು. ಆದ್ದರಿಂದ ಬರೆಯುವ ಮುಂಚೆ ಅವರ ಇನ್‌ಸ್ಟಾಗ್ರಾಂ ಪುಟ ಅಥವಾ ವಾಟ್ಸಾಪ್ ಬಿಸಿನೆಸ್ ಖಾತೆಯಲ್ಲಿ ಅವರು ಗಿರಾಕಿಗಳೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ನೋಡಿ. ಗೊತ್ತಾಗದಿದ್ದರೆ ‘ನಮಸ್ಕಾರ’ ಮತ್ತು ‘ನೀವು’ ಎರಡೂ ಕಡೆ ಸಲ್ಲುತ್ತವೆ. ಉತ್ತರ ಬಂದ ಮೇಲೆ ಅವರ ಧಾಟಿಗೆ ಹೊಂದಿಕೊಳ್ಳಬಹುದು. ಒಂದು ವಿನಾಯಿತಿ ಇದೆ: ಗೋಕಾಕದ ಯಜಮಾನರು ಪ್ರೀತಿಯಿಂದ ‘ಬಾರಪಾ, ನೋಡೋಣು’ ಎಂದು ಏಕವಚನದಲ್ಲಿ ಕರೆದರೂ ನಿಮ್ಮ ಮುಂದಿನ ಸಂದೇಶದಲ್ಲಿ ‘ತಾವು’ ಹಾಗೇ ಇರಲಿ.