ಬೆಂಕಿಗಿಂತ ಮೊದಲು ಬರುವ ಹೊಗೆ

2010ರ ಫೆಬ್ರುವರಿ 23, ಮಂಗಳವಾರ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ ಕಚೇರಿಗಳು ತುಂಬಿದ ಬಹುಮಹಡಿ ಕಟ್ಟಡ. ಸಂಜೆ ನಾಲ್ಕರ ಸುಮಾರಿಗೆ ಅಲ್ಲಿ ವಿದ್ಯುತ್ ಕೇಬಲ್ಲುಗಳು ಮಹಡಿಯಿಂದ ಮಹಡಿಗೆ ಏರುವ ಡಕ್ಟ್‌ನಲ್ಲಿ ಶಾರ್ಟ್ ಸರ್ಕಿಟ್ ಆಯಿತು. ಉರಿ ಅಲ್ಲಿಂದ ದೊಡ್ಡದಾಗಿ ಹರಡಲಿಲ್ಲ. ಹೊಗೆ ಮಾತ್ರ ಮೇಲಿನ ಮಹಡಿಗಳನ್ನೆಲ್ಲ ತುಂಬಿತು. ಹೊರಹೋಗುವ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಜನ ಕಿಟಕಿಯ ಗಾಜು ಒಡೆದು ಉಸಿರಿಗಾಗಿ ಕತ್ತು ಹೊರಗೆ ಚಾಚಿದರು, ಕೆಲವರು ತಡೆಯಲಾರದೆ ಹಾರಿದರು. ಒಂಬತ್ತು ಜನ ಸತ್ತರು. ಅವರನ್ನು ಬಲಿ ತೆಗೆದುಕೊಂಡದ್ದು ಉಸಿರು ಕಟ್ಟಿಸಿದ ಹೊಗೆ ಮತ್ತು ಆ ಹೊಗೆಗೆ ಅಂಜಿ ಹಾರಿದ ಎತ್ತರ.

ಕಚೇರಿಯೊಳಗೆ ಕುರ್ಚಿ, ಮೇಜು ಸುಡದೆಯೂ ಜನ ಸಾಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನೂರು ವರ್ಷಕ್ಕೂ ಹಿಂದೆ, ಒಂದು ಕಲ್ಲಿದ್ದಲು ಗಣಿಗೆ ಹೋಗಬೇಕು.

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾಗಿ ಐವತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಸ್ಫೋಟದ ಹೊಡೆತಕ್ಕೋ ಬೆಂಕಿಗೋ ಸತ್ತಿರಬೇಕೆಂದು ಎಲ್ಲರ ಎಣಿಕೆ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರ ವಿಜ್ಞಾನಿ ಶವಗಳನ್ನೂ ಅವುಗಳ ರಕ್ತವನ್ನೂ ಪರೀಕ್ಷಿಸಿ ಬೇರೆಯದೇ ಮಾತು ಹೇಳಿದ: ಬಹುಪಾಲು ಜನ ಸತ್ತದ್ದು ಸ್ಫೋಟದ ಬಳಿಕ ಸುರಂಗದಲ್ಲಿ ಉಳಿದ ಕಾರ್ಬನ್ ಮೊನಾಕ್ಸೈಡಿನಿಂದ. ಆತ ಇದನ್ನು ಊಹಿಸಿ ಹೇಳಿದ್ದಲ್ಲ. ಅದಕ್ಕೂ ಮೊದಲೇ ತಾನೇ ಆ ಅನಿಲವನ್ನು ಅಳೆದು ಉಸಿರಾಡಿ, ತನ್ನ ರಕ್ತವನ್ನು ತಾನೇ ಪರೀಕ್ಷಿಸಿ, ತಲೆ ಯಾವಾಗ ಸುತ್ತುತ್ತದೆ, ಕಾಲು ಯಾವಾಗ ಸೋಲುತ್ತದೆ ಎಂದು ಬರೆದಿಟ್ಟಿದ್ದ. ಗಣಿಗೆ ಪುಟ್ಟ ಹಕ್ಕಿಗಳನ್ನು ಒಯ್ಯುವ ಪದ್ಧತಿ ಬಂದದ್ದೂ ಅವನ ಸಲಹೆಯಿಂದಲೇ. ಪುಟ್ಟ ಪ್ರಾಣಿಯ ಉಸಿರಾಟ ಚುರುಕಾದ್ದರಿಂದ ಮನುಷ್ಯನಿಗಿಂತ ಮುಂಚೆ ಅದು ಕುಸಿಯುತ್ತದೆ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಉರಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಎದೆ ಏರಿಳಿಯುತ್ತಲೇ ಇರುತ್ತದೆ, ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ, ಆದರೆ ಮೆದುಳಿಗೆ ಆಮ್ಲಜನಕ ತಲುಪುವುದಿಲ್ಲ. ಗಾಳಿಯಲ್ಲಿ ಇದು ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚಾದರೆ ಎರಡು ಮೂರು ಉಸಿರಿಗೆ ಎಚ್ಚರ ತಪ್ಪುತ್ತದೆ.

ಕಲ್ಲಿದ್ದಲಾಗಲಿ, ಕಟ್ಟಿಗೆಯಾಗಲಿ, ಹತ್ತಿಯಾಗಲಿ, ಸಾಕಷ್ಟು ಗಾಳಿ ಸಿಗದೆ ಅರೆಬರೆ ಸುಟ್ಟರೆ ಕಾರ್ಬನ್ ಮೊನಾಕ್ಸೈಡ್ ಬಂದೇ ಬರುತ್ತದೆ. ಹಾಲ್ಡೇನ್ ಕಾಲದಿಂದ ಇಲ್ಲಿಯವರೆಗೆ ಆ ನಿಯಮ ಬದಲಾಗಿಲ್ಲ. ನಮ್ಮ ಮನೆಯೊಳಗಿನ ಸಾಮಾನು ಮಾತ್ರ ಬದಲಾಗಿದೆ.

ಮೊದಲು ತಂತಿಯ ವಿಷಯ. ಹಳೆ ಮನೆಗಳ ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು, ಅದರ ಮೇಲೆ ರಬ್ಬರ್ ಹೊದಿಕೆಯ ತಂತಿ ಎಳೆದದ್ದನ್ನು ಹಿರಿಯರು ನೋಡಿದ್ದಾರೆ. ರಬ್ಬರಿನ ಜಾಗಕ್ಕೆ ಪಿವಿಸಿ ಬಂತು. ಅಗ್ಗ, ಮೆದು, ನೀರಿಗೆ ಜಗ್ಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಸುಲಭವಾಗಿ ಉರಿಯುವುದಿಲ್ಲ. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇ 57ರಷ್ಟು, ಕ್ಲೋರಿನ್. ಜ್ವಾಲೆಯನ್ನು ಅಡಗಿಸುವುದು ಈ ಕ್ಲೋರಿನ್ನೇ. ಆದರೆ ಜ್ವಾಲೆ ಅಡಗಿತೆಂದರೆ ದಹನ ಪೂರ್ತಿಯಾಗಲಿಲ್ಲ ಎಂದೇ ಅರ್ಥ. ಪೂರ್ತಿ ಉರಿಯದ ವಸ್ತು ಕಪ್ಪು ಮಸಿಯಾಗಿ, ಕಾರ್ಬನ್ ಮೊನಾಕ್ಸೈಡಾಗಿ ಹೊರಬೀಳುತ್ತದೆ. ಉರಿಯನ್ನು ತಡೆಯುವ ಗುಣವೇ ಹೊಗೆಯನ್ನು ಹೆಚ್ಚಿಸುತ್ತದೆ. ಜೊತೆಗೆ ಬಿಡುಗಡೆಯಾದ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ. ಅದು ಕಣ್ಣೀರಿನ, ಗಂಟಲಿನ ತೇವದಲ್ಲಿ ಕರಗಿದರೆ ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣು ತನ್ನಿಂತಾನೇ ಮುಚ್ಚಿಕೊಳ್ಳುತ್ತದೆ, ಕೆಮ್ಮು ಒತ್ತರಿಸಿ ಬರುತ್ತದೆ. ದಿನಾ ಏರಿಳಿದ ಮೆಟ್ಟಿಲು ಹತ್ತು ಹೆಜ್ಜೆ ದೂರದಲ್ಲಿದ್ದರೂ ಸಿಗುವುದಿಲ್ಲ. ಹೀಗೆ ಒಂದು ಅನಿಲ ಕುರುಡಾಗಿಸಿ ನಿಲ್ಲಿಸುತ್ತದೆ, ನಿಂತವನನ್ನು ಇನ್ನೊಂದು ಕೆಡಹುತ್ತದೆ.

ಬಹುಮಹಡಿ ಕಟ್ಟಡದ ಕೇಬಲ್ ಡಕ್ಟ್‌ನಲ್ಲಿ ಈ ಪಿವಿಸಿ ಕಟ್ಟುಗಟ್ಟಲೆ ಇರುತ್ತದೆ. ಡಕ್ಟ್ ಕೆಳಗಿನಿಂದ ಮೇಲಿನವರೆಗೆ ನೇರ ಪೊಳ್ಳು. ಬಿಸಿ ಹೊಗೆ ಅದರಲ್ಲಿ ಚಿಮಣಿಯಲ್ಲಿ ಏರಿದ ಹಾಗೆ ಏರುತ್ತದೆ, ಮನುಷ್ಯ ಮೆಟ್ಟಿಲು ಹತ್ತುವುದಕ್ಕಿಂತ ಎಷ್ಟೋ ವೇಗವಾಗಿ. ಕೆಳಗೆ ಬೆಂಕಿ ಹತ್ತಿದ್ದು ಗೊತ್ತಾಗುವ ಮೊದಲೇ ಮೇಲಿನ ಮಹಡಿಯವರು ಹೊಗೆಯೊಳಗಿರುತ್ತಾರೆ.

ನಮ್ಮ ಲೋಕಾಪುರದಲ್ಲಿ ಅಷ್ಟೆತ್ತರದ ಕಟ್ಟಡವೆಲ್ಲಿದೆ ಎಂದು ಓದುಗರು ಕೇಳಬಹುದು. ಆದರೆ ಹೊಗೆಗೆ ಎತ್ತರ ಬೇಕಿಲ್ಲ, ಒಂದು ಮಲಗುವ ಕೋಣೆ ಸಾಕು.

ಲೋಕಾಪುರ, ಮುಧೋಳ, ಜಮಖಂಡಿ ಕಡೆ ಹತ್ತಿ ಹಿಂಜಿಸಿ ಗಾದಿ ತುಂಬಿಸುತ್ತಿದ್ದರು. ಅದರ ಮೇಲೆ ಹಾಸಲು, ಹೊದೆಯಲು ಹಳೆ ನೂಲಿನ ಸೀರೆಗಳ ಕೌದಿ. ಈಗ ಗಾದಿ ಅಂಗಡಿಯಲ್ಲಿ ಫೋಮಿನ ಹಾಳೆಗಳು ಪೇರಿಸಿರುತ್ತವೆ, ಕೌದಿಗೂ ಪಾಲಿಯೆಸ್ಟರ್ ಸೀರೆಗಳೇ ಸಿಗುತ್ತವೆ. ಹಳೆಯದೆಲ್ಲ ಸುರಕ್ಷಿತವಾಗಿತ್ತು ಎಂದು ನಾನು ಹೇಳಲಾರೆ. ಬೀಡಿಯ ಕಿಡಿ ಬಿದ್ದ ಹತ್ತಿ ಗಾದಿ ಜ್ವಾಲೆಯಿಲ್ಲದೆ ರಾತ್ರಿಯಿಡೀ ಒಳಗೊಳಗೇ ಸುಟ್ಟು ಮಲಗಿದವರನ್ನು ಕೊಂದದ್ದುಂಟು. ಆದರೆ ಎರಡರ ವೇಗ ಬೇರೆ, ವಿಷವೂ ಬೇರೆ.

ಫೋಮಿಗೆ ಬಳಸುವ ಪಾಲಿಯುರೆಥೇನ್ ಎಂಬ ವಸ್ತು 1937ರಲ್ಲಿ ಜರ್ಮನಿಯ ಓಟೊ ಬೇಯರ್ ಅವರ ಪ್ರಯೋಗಾಲಯದಲ್ಲಿ ಹುಟ್ಟಿತು, 1950ರ ದಶಕದಲ್ಲಿ ಮೆತ್ತೆಯಾಗಿ ಮಾರುಕಟ್ಟೆಗೆ ಬಂತು. ಫೋಮಿನಲ್ಲಿ ಬಹುಪಾಲು ಗಾಳಿಯೇ. ತೆಳುವಾದ ಪ್ಲಾಸ್ಟಿಕ್ ಪೊರೆಗಳ ನಡುವೆ ಗಾಳಿ ಇರುವುದರಿಂದ ಬೆಂಕಿ ತಗುಲಿದರೆ ಕರಗಿ, ತೊಟ್ಟಿಕ್ಕಿ, ಥಟ್ಟನೆ ಹರಡುತ್ತದೆ. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆ ಒಂದೇ ಅಳತೆಯ ಕೋಣೆಗಳನ್ನು ಕಟ್ಟಿ, ಒಂದರಲ್ಲಿ ಹಳೆ ಕಾಲದ ಹತ್ತಿ-ಮರದ ಪೀಠೋಪಕರಣ, ಇನ್ನೊಂದರಲ್ಲಿ ಈಗಿನ ಫೋಮ್-ಪಾಲಿಯೆಸ್ಟರ್ ಸೋಫಾ ಇಟ್ಟು ಬೆಂಕಿ ಹಚ್ಚಿ ನೋಡಿತು. ಕೋಣೆಯ ವಸ್ತುಗಳೆಲ್ಲ ಒಮ್ಮೆಲೇ ಹೊತ್ತಿಕೊಳ್ಳುವ ಹಂತಕ್ಕೆ ಹಳೆ ಕೋಣೆ ಬರಲು ಅರ್ಧ ಗಂಟೆಯ ಹತ್ತಿರ ಹಿಡಿಯಿತು. ಈಗಿನ ಕೋಣೆಗೆ ಐದು ನಿಮಿಷವೂ ಬೇಕಾಗಲಿಲ್ಲ.

ವಿಷದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ಉದ್ದ, ಅಗಲ, ಎತ್ತರ ಹತ್ತತ್ತು ಅಡಿ ಇರುವ ಕೋಣೆ, ಬಾಗಿಲು ಕಿಟಕಿ ಮುಚ್ಚಿವೆ. ಒಳಗಿರುವ ಗಾಳಿ ಸುಮಾರು 28 ಘನ ಮೀಟರ್. ಒಬ್ಬರು ಮಲಗುವ ನಾಲ್ಕಿಂಚಿನ ಫೋಮ್ ಗಾದಿ ಸುಮಾರು ಐದು ಕಿಲೋ ತೂಗುತ್ತದೆ. ಅದರಲ್ಲಿ ಒಂದೇ ಕಿಲೋ ಸುಟ್ಟಿತೆನ್ನೋಣ. ಗಾಳಿ ಸಾಲದೆ ಸುಡುವ ಇಂಥ ಫೋಮು ಕಿಲೋಗೆ ಸುಮಾರು 200 ಗ್ರಾಂ ಕಾರ್ಬನ್ ಮೊನಾಕ್ಸೈಡ್ ಬಿಡಬಹುದು. ಅಂದರೆ ಸುಮಾರು 170 ಲೀಟರ್ ಅನಿಲ. ಅದು ಕೋಣೆಯಲ್ಲೆಲ್ಲ ಬೆರೆತರೆ ಗಾಳಿಯ ಶೇ 0.6ರಷ್ಟಾಗುತ್ತದೆ. ಈ ಪ್ರಮಾಣಕ್ಕೆ ಒಂದೆರಡು ನಿಮಿಷದಲ್ಲಿ ತಲೆ ಸುತ್ತಿ, ಹತ್ತು ಹದಿನೈದು ನಿಮಿಷದಲ್ಲಿ ಸಾವು ಬರಬಹುದು. ಅದೇ ಹೊತ್ತಿಗೆ ಕೋಣೆಯ ಆಮ್ಲಜನಕ ಶೇ 21ರಿಂದ ಶೇ 16ರ ಆಸುಪಾಸಿಗೆ ಇಳಿದಿರುತ್ತದೆ, ಅಷ್ಟರಲ್ಲಿ ಮನುಷ್ಯ ಬದುಕಬಲ್ಲ. ಗಾಳಿ ಸಾಲದೆ ಸಾಯುತ್ತಾರೆಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ತಪ್ಪುತ್ತದೆ. ಉಸಿರಾಡಲು ಬೇಕಾದಷ್ಟು ಗಾಳಿ ಇರುವಾಗಲೇ ವಿಷ ಕೊಲ್ಲುತ್ತದೆ. ನಾನು ಹಾಕಿದ್ದು ಅಂದಾಜು ಲೆಕ್ಕ. ನಿಜವಾದ ಕೋಣೆಯಲ್ಲಿ ಹೊಗೆ ಸಮನಾಗಿ ಬೆರೆಯದೆ ಮೊದಲು ಛಾವಣಿಗೆ ಕಟ್ಟಿ ಮೇಲಿನಿಂದ ಕೆಳಗಿಳಿಯುತ್ತದೆ. ಎದ್ದು ನಿಂತವನ ಮೂಗಿಗೆ ಅತಿ ದಟ್ಟವಾದದ್ದು ಸಿಗುತ್ತದೆ, ನೆಲಕ್ಕಂಟಿ ತೆವಳಿದವನಿಗೆ ಇನ್ನೂ ಸ್ವಲ್ಪ ಹೊತ್ತು ಒಳ್ಳೆಯ ಗಾಳಿ ಉಳಿದಿರುತ್ತದೆ.

ಫೋಮಿನಲ್ಲಿ ಹತ್ತಿಯಲ್ಲಿಲ್ಲದ ಸಾರಜನಕವಿದೆ. ಅದು ಸುಟ್ಟಾಗ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸಾಗಾಟವನ್ನು ತಡೆದರೆ, ಸಯನೈಡ್ ಜೀವಕೋಶದೊಳಕ್ಕೆ ಹೊಕ್ಕು, ತಲುಪಿದ ಅಷ್ಟಿಷ್ಟು ಆಮ್ಲಜನಕವನ್ನೂ ಬಳಸದಂತೆ ಮಾಡುತ್ತದೆ. 2013ರ ಜನವರಿಯಲ್ಲಿ ಬ್ರೆಜಿಲ್‌ನ ಕಿಸ್ ನೈಟ್‌ಕ್ಲಬ್ಬಿನಲ್ಲಿ ಛಾವಣಿಗೆ ಅಂಟಿಸಿದ್ದ ಫೋಮಿಗೆ ಪಟಾಕಿಯ ಕಿಡಿ ತಗುಲಿ 242 ಜನ ಸತ್ತರು. ಬಹುಪಾಲು ಜನರನ್ನು ಕೊಂದದ್ದು ಹೊಗೆಯೇ.

ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಮಸಿಯನ್ನು ತಡೆಯುತ್ತದೆ, ನೀರಿನಲ್ಲಿ ಕರಗುವ ಹೈಡ್ರೋಜನ್ ಕ್ಲೋರೈಡನ್ನು ಸ್ವಲ್ಪ ಹೀರುತ್ತದೆ, ಕಣ್ಣು ಬಿಟ್ಟು ನಾಲ್ಕು ಹೆಜ್ಜೆ ಹಾಕಲು ನೆರವಾಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಮಾತ್ರ ಬಟ್ಟೆಯಿಲ್ಲದಂತೆಯೇ ಹಾದು ಒಳಗೆ ಹೋಗುತ್ತದೆ. ಆದ್ದರಿಂದ ಬಟ್ಟೆ ಹೊರಗೋಡಲಿಕ್ಕೆ ಮಾತ್ರ. ಅದನ್ನು ನಂಬಿ ಒಳಗೆ ದುಡ್ಡು, ಕಾಗದಪತ್ರ ಹುಡುಕುತ್ತ ನಿಲ್ಲಬಾರದು, ಹೊರಬಂದವರು ಮರಳಿ ಹೋಗಬಾರದು.

ಇದಕ್ಕಿಂತ ದೊಡ್ಡ ಮೋಸ ಆಗುವುದು ಆಸ್ಪತ್ರೆಯಲ್ಲಿ. ಕೋವಿಡ್ ಕಾಲದಿಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಲ್ಲರಿಗೂ ಗೊತ್ತು. ಅದು ಬೆಳಕು ಹಾಯಿಸಿ ರಕ್ತದ ಕೆಂಪನ್ನು ನೋಡುವ ಯಂತ್ರ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವೂ ಅದರ ಕಣ್ಣಿಗೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕೆಂಪು. ಸಾವಿನ ಹತ್ತಿರ ಇರುವವನ ಬೆರಳಲ್ಲೂ ಅದು 98 ಎಂದು ತೋರಿಸಬಹುದು. ತಲೆನೋವು, ವಾಕರಿಕೆ, ಮಾತು ತೊದಲುವುದು, ಮೂಗಿನ ಹೊಳ್ಳೆಯಲ್ಲಿ ಮಸಿ, ಗೊಗ್ಗರು ದನಿ ಇದ್ದರೆ ಆ ಅಂಕಿಯನ್ನು ನಂಬದೆ ರಕ್ತ ಪರೀಕ್ಷೆ ಮಾಡಿಸಬೇಕು, ಮುಖವಾಡದಿಂದ ಪೂರ್ಣ ಆಮ್ಲಜನಕ ಕೊಡಲಾರಂಭಿಸಬೇಕು. ಬರೀ ಗಾಳಿಯಲ್ಲಿ ಈ ಅನಿಲ ರಕ್ತದಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. ಸುಟ್ಟ ಗಾಯವಿಲ್ಲವೆಂದು ಮನೆಗೆ ಕಳಿಸುವುದೂ ತಪ್ಪು, ಏಕೆಂದರೆ ಆಮ್ಲದ ಹೊಗೆ ಕುಡಿದ ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಗಂಟೆಗಳ ಮೇಲೆ.

ಕಾರ್ಲ್‌ಟನ್‌ನಲ್ಲಿ ತಮ್ಮವರನ್ನು ಕಳೆದುಕೊಂಡವರು ಮತ್ತು ಬದುಕುಳಿದವರು ಸುಮ್ಮನೆ ಕೂರಲಿಲ್ಲ. ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿಕೊಂಡು ಅಗ್ನಿ ಸುರಕ್ಷತೆಗಾಗಿ ಬಡಿದಾಡಿದರು. ಅವರ ದುಃಖದಿಂದ ಹುಟ್ಟಿದ ಆ ಹಟಕ್ಕೆ ನಾನು ತಲೆಬಾಗುತ್ತೇನೆ. ಆ ಕಟ್ಟಡದಲ್ಲಿ ಬೇಕಾಗಿದ್ದದ್ದು ಅಪರೂಪದ ತಂತ್ರಜ್ಞಾನವೂ ಅಲ್ಲ. ಕೇಬಲ್ ಡಕ್ಟ್ ಪ್ರತಿ ಮಹಡಿಯ ನೆಲವನ್ನು ದಾಟುವಲ್ಲಿ ಬೆಂಕಿ ತಡೆಯುವ ಗಾರೆಯಿಂದ ಸಂದು ಮುಚ್ಚಿದರೆ ಹೊಗೆ ಒಂದೇ ಮಹಡಿಯಲ್ಲಿ ನಿಲ್ಲುತ್ತದೆ. ಮೆಟ್ಟಿಲಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು, ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳಬೇಕು, ಬೀಗ ಬೀಳಬಾರದು.

ಮನೆ ಕಟ್ಟಿಸುವವರಿಗೆ ತಂತಿ ಕೊಳ್ಳುವಾಗಲೂ ಒಂದು ಆಯ್ಕೆಯಿದೆ. ತಂತಿಯ ಮೈಮೇಲೆ ಎಫ್‌ಆರ್ ಎಂದಷ್ಟೇ ಇದ್ದರೆ ಅದು ಉರಿ ಹರಡದ ತಂತಿ, ಹೊಗೆಯ ಬಗ್ಗೆ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಎಫ್‌ಆರ್‌ಎಲ್‌ಎಸ್ ಎಂದಿದ್ದರೆ ಹೊಗೆಯೂ ಕಡಿಮೆ, ಆದರೆ ಅದೂ ಪಿವಿಸಿಯೇ, ಆಮ್ಲದ ಅನಿಲ ಅದರಿಂದಲೂ ಬರುತ್ತದೆ. ಕ್ಲೋರಿನ್ನೇ ಇಲ್ಲದ್ದು ಬೇಕೆಂದರೆ ಹ್ಯಾಲೊಜನ್ ರಹಿತ ತಂತಿ ಕೇಳಬೇಕು, ಅದಕ್ಕೆ ದುಡ್ಡು ಜಾಸ್ತಿ. ಮನೆಯೆಲ್ಲಕ್ಕೂ ಹಾಕಿಸಲಾಗದಿದ್ದರೆ ಮಲಗುವ ಕೋಣೆಗೂ ಮೆಟ್ಟಿಲಿನ ದಾರಿಗೂ ಹಾಕಿಸಿ, ಮೀಟರ್ ಪೆಟ್ಟಿಗೆಯನ್ನು ಹೊರಬಾಗಿಲ ದಾರಿಯಿಂದ ದೂರವಿಡಿ.